ಬೀದಿಚಿತ್ರಗಳಲ್ಲಿ ವಾಹನಸಂಖ್ಯೆಯನ್ನೂ ಮುಖವನ್ನೂ ಮರೆಮಾಡುವ ಕ್ರಮಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ಪಟ್ಟಣಗಳ ಬೀದಿಗಳನ್ನು ಚಿತ್ರಿಸಿದರೆ ದಾರಿಹೋಕರ ಮುಖಗಳೂ ವಾಹನಗಳ ಸಂಖ್ಯಾಫಲಕಗಳೂ ಅದರಲ್ಲಿ ಸೇರಿಯೇ ಸೇರುತ್ತವೆ. ಪ್ರಕಟಣೆಗೆ ಮುನ್ನ ಇವನ್ನು ಮರೆಮಾಡಲು ಮೂರು ಕ್ರಮಗಳುಂಟು: ಮಸುಕುಗೊಳಿಸುವುದು, ಚೌಕಗಳಾಗಿ ಒಡೆಯುವುದು, ಬದಲಿ ಚಿತ್ರವನ್ನಿಡುವುದು. ಕಣ್ಣಿಗೆ ಮೂರೂ ಸಮಾನವೆಂದು ತೋರಿದರೂ ಅವು ನೀಡುವ ರಕ್ಷಣೆ ಸಮಾನವಲ್ಲ.

ಮಸುಕುಗೊಳಿಸಿದಾಗ ಪ್ರತಿಯೊಂದು ಬಿಂದುವೂ ತನ್ನ ನೆರೆಯ ಬಿಂದುಗಳ ಸರಾಸರಿಯಾಗುತ್ತದೆ. ಚೌಕಗೊಳಿಸಿದಾಗ ಒಂದು ಚೌಕದ ಬಿಂದುಗಳೆಲ್ಲವೂ ಒಂದೇ ಸರಾಸರಿಯನ್ನು ಪಡೆಯುತ್ತವೆ. ಎರಡರಲ್ಲಿಯೂ ಮೂಲದ ಅಂಶವು ಕ್ಷೀಣಿಸುವುದೇ ಹೊರತು ಅಳಿದುಹೋಗುವುದಿಲ್ಲ. ಫಲಕವನ್ನು ಓದಬಯಸುವವನು ಸರಾಸರಿಯನ್ನು ಬಿಡಿಸಬೇಕಾಗಿಲ್ಲ. ಸಾಧ್ಯವಿರುವ ಸಂಖ್ಯೆಗಳನ್ನೆಲ್ಲ ಬರೆದು, ಅವಕ್ಕೂ ಅದೇ ಕ್ರಮವನ್ನು ಅನ್ವಯಿಸಿ, ಹೋಲಿಸಿ ನೋಡಿದರೆ ಸಾಕು. ಈ ಜಿಲ್ಲೆಯ ವಾಹನಗಳಲ್ಲಿ ಬಹುಪಾಲು ‘ಕೆಎ 40’ ಅಥವಾ ಚಿಂತಾಮಣಿಯ ‘ಕೆಎ 67’ ಎಂದೇ ಮೊದಲಾಗುವುದರಿಂದ ಆರಂಭವನ್ನು ಊಹಿಸುವುದು ಸುಲಭ. ನಡುವಿನ ಅಕ್ಷರಗಳೂ ತಿಳಿದರೆ ಉಳಿಯುವುದು 1ರಿಂದ 9999ರವರೆಗಿನ ಸಂಖ್ಯೆಗಳು ಮಾತ್ರ.

ಒಂದು ಉದಾಹರಣೆಯನ್ನು ನೋಡೋಣ. ಹತ್ತು ಅಕ್ಷರಾಂಕಗಳ ಫಲಕವೊಂದು ಚಿತ್ರದಲ್ಲಿ 120 ಬಿಂದು ಅಗಲ, 24 ಬಿಂದು ಎತ್ತರವಿದೆಯೆಂದಿಟ್ಟುಕೊಳ್ಳೋಣ. 8 ಬಿಂದುಗಳ ಚೌಕವಾದರೆ 45 ಸರಾಸರಿಗಳು ಉಳಿಯುತ್ತವೆ. ಸಂಖ್ಯೆಯನ್ನು ಗುರುತಿಸಲು ಇದು ಸಾಮಾನ್ಯವಾಗಿ ಸಾಕಾಗುತ್ತದೆ. ಚೌಕವನ್ನು 24 ಬಿಂದುಗಳಿಗೆ ಹಿಗ್ಗಿಸಿದರೆ ಐದೇ ಸರಾಸರಿಗಳು. ಒಂದೊಂದರಲ್ಲಿಯೂ ಎರಡೆರಡು ಅಂಕಗಳು ಬೆರೆಯುವುದರಿಂದ 12ಕ್ಕೂ 21ಕ್ಕೂ ಭೇದವಿರದು. ಆದರೆ ಅದೇ ವಾಹನವು ಮುಂದಿನ ಚಿತ್ರದಲ್ಲಿ ಅರ್ಧ ಚೌಕದಷ್ಟು ಸರಿದು ಕಾಣಿಸಿಕೊಂಡರೆ ಬೇರೆ ಜೋಡಿಗಳು ಬೆರೆತು, ಕಳೆದುಹೋದ ಕ್ರಮವು ಮತ್ತೆ ದೊರೆಯುತ್ತದೆ. ಸಾಲಾಗಿ ತೆಗೆದ ಬೀದಿಚಿತ್ರಗಳಲ್ಲಿ ಇದು ತೀರ ಸಾಮಾನ್ಯ.

ಮುಖಗಳ ವಿಷಯವೂ ಹೀಗೆಯೇ. ಮಸುಕುಗೊಳಿಸಿದ ಮತ್ತು ಚೌಕಗೊಳಿಸಿದ ಮುಖಗಳನ್ನು ತರಬೇತಿ ಪಡೆದ ಗಣಕವು ಪರಿಚಿತ ಮುಖಗಳ ಪಟ್ಟಿಯಿಂದ ಗುರುತಿಸಬಲ್ಲುದೆಂದು ಮ್ಯಾಕ್‌ಫರ್ಸನ್, ಶೋಕ್ರಿ, ಶ್ಮಾಟಿಕೋವ್ ಎಂಬ ಸಂಶೋಧಕರು 2016ರಲ್ಲಿ ತೋರಿಸಿದರು. ಸಣ್ಣ ಊರಿನಲ್ಲಿ ಆ ಪಟ್ಟಿಯೂ ಸಣ್ಣದೇ.

ಆದುದರಿಂದ ಬದಲಿ ಚಿತ್ರವೇ ಮೇಲು. ಫಲಕದ ಮೂಲ ಬಿಂದುಗಳನ್ನು ಸಂಪೂರ್ಣವಾಗಿ ತೆಗೆದು, ಹಿನ್ನೆಲೆಯ ಹಳದಿ ಅಥವಾ ಬಿಳಿಯ ಬಣ್ಣವನ್ನಷ್ಟೇ ತುಂಬಿದರೆ ಬಾಡಿಗೆಯ ವಾಹನವೋ ಸ್ವಂತದ್ದೋ ಎಂಬುದು ಅಭ್ಯಾಸಿಗೆ ತಿಳಿಯುತ್ತದೆ. ಒಡೆಯನಾರೆಂಬುದು ಫಲಕದಿಂದ ತಿಳಿಯದು. ಅಂಕಿಗಳು ಬೇಕೇ ಆದಲ್ಲಿ, ಯಾರಿಗೂ ಕೊಡದ 0000 ಎಂಬುದನ್ನು ಬರೆಯಬೇಕು. ಮನಬಂದಂತೆ ಬರೆದ ಸಂಖ್ಯೆಯು ಮತ್ತೊಬ್ಬರದಾಗಿರಬಹುದು. ಬದಲಿ ಮುಖವನ್ನೂ ಮೂಲಮುಖದಿಂದ ರೂಪಿಸಬಾರದು, ಹೋಲಿಕೆಯು ಉಳಿದೀತು.

ಬದಲಿಯ ಕ್ರಮಕ್ಕೂ ಮಿತಿಯುಂಟು. ಯಂತ್ರವು ಪತ್ತೆಹಚ್ಚದ ಫಲಕವನ್ನು ಯಾವ ಕ್ರಮವೂ ಕಾಯದು. ಟೆಂಪೋವಿನ ಪಕ್ಕದಲ್ಲಿ ಮತ್ತೊಮ್ಮೆ ಬರೆದ ಸಂಖ್ಯೆ, ಆಟೋದ ಹಿಂಬದಿಯ ದೂರವಾಣಿ ಸಂಖ್ಯೆ, ಕನ್ನಡ ಅಂಕಿಗಳ ಫಲಕ ಇವು ತಪ್ಪಿಹೋಗುವ ಸಂಭವ ಹೆಚ್ಚು. ಇವನ್ನು ಮನುಷ್ಯನ ಕಣ್ಣೇ ಒಂದೊಂದಾಗಿ ಪರೀಕ್ಷಿಸಬೇಕು.