ಚುಕ್ಕೆ ಅಳಿಸಿದ ಫೋಟೊ, ನೂರು ಸುತ್ತಿನ ಮೊಳೆ

ತರಗತಿಯ ವಾಟ್ಸಾಪ್ ಗ್ರೂಪಿಗೆ ಸಂಜೆ ಒಂದು ಫೋಟೊ ಬಂದು ಬೀಳುತ್ತದೆ. ಮಡಿಕೆ ಬಿದ್ದ ಹಾಳೆ, ಓರೆಯಾಗಿ ತೆಗೆದದ್ದು, ಅರ್ಧದ ಮೇಲೆ ಯಾರದೋ ಕೈನೆರಳು. ‘ವಿದ್ಯುತ್ಕಾಂತ ತಯಾರಿಸಿ’ ಎಂಬ ತಲೆಬರಹವೇನೋ ಕಾಣುತ್ತದೆ. ಕಾಣದಿರುವುದು ಅಂಕಿಗಳು, ಕೆಲಸ ಕೆಡುವುದೂ ಅಲ್ಲೇ.

ಮೊದಲು ಹಾಳೆಯ ನಾಲ್ಕು ಅಂಚೂ ಫೋಟೊದೊಳಗೆ ಇವೆಯೇ ನೋಡಿ. ಎಚ್ಚರಿಕೆಯ ಸಾಲನ್ನು ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳಗೆ ಅಚ್ಚು ಮಾಡಿರುತ್ತಾರೆ, ಕತ್ತರಿಸಿ ಹೋಗುವುದೂ ಅದೇ. ಆಮೇಲೆ ಅಂಕಿಗಳ ಸರದಿ. 1.5 ವೋಲ್ಟ್ ಎಂಬಲ್ಲಿ ಚುಕ್ಕೆ ಅಳಿಸಿದರೆ 15 ಆಗುತ್ತದೆ. ಅದನ್ನು ನಂಬಿದವರು ಮನೆಯಲ್ಲಿರುವ ಯಾವುದೋ ಚಾರ್ಜರಿಗೆ ಕೈಹಾಕುತ್ತಾರೆ. ಚಿತ್ರದಲ್ಲಿ ಒಂದೇ ಸೆಲ್ ಇದ್ದರೆ ಅದು 1.5 ಆಗಿರಲೇಬೇಕು, ಟಾರ್ಚ್ ಸೆಲ್ಲಿನ ಮೈಮೇಲೂ ಅಷ್ಟೇ ಬರೆದಿರುತ್ತದೆ.

ತಂತಿಯ ಗೇಜ್ 20ಓ 26ಓ ತಿಳಿಯದಿದ್ದರೆ ಮೊಳೆಯನ್ನೇ ಕೇಳಬಹುದು. ಗೇಜ್ ಹೆಚ್ಚಾದಷ್ಟೂ ತಂತಿ ತೆಳು. 20 ಗೇಜ್ ತಂತಿಯ ದಪ್ಪ ಸುಮಾರು 0.9 ಮಿಲಿಮೀಟರ್. ನೂರು ಸುತ್ತು ಪಕ್ಕಪಕ್ಕ ಕೂರಲು 9 ಸೆಂಟಿಮೀಟರ್ ಬೇಕು, ಮೂರು ಇಂಚಿನ ಮೊಳೆ ಇರುವುದೇ ಏಳೂವರೆ. 26 ಗೇಜ್ ಆದರೆ ನಾಲ್ಕೂವರೆ ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಹಾಗಾಗಿ ಹಾಳೆಯಲ್ಲಿರುವುದು 26. ಇಷ್ಟಾದರೂ ಅನುಮಾನ ಉಳಿದರೆ ಊಹಿಸಬೇಡಿ, ಟೀಚರನ್ನೇ ಕೇಳಿಬಿಡಿ.

ಇನ್ನು ಸಾಮಾನು. ಮೂರು ಇಂಚಿನ ಕಬ್ಬಿಣದ ಮೊಳೆ, 26 ಗೇಜಿನ ಎನಾಮಲ್ ತಾಮ್ರದ ತಂತಿ ಎರಡು ಮೀಟರ್, ಒಂದು ಮಾಮೂಲಿ ಟಾರ್ಚ್ ಸೆಲ್, ಚೂರು ಮರಳು ಕಾಗದ, ಅಂಟುಪಟ್ಟಿ, ಒಂದು ಹಿಡಿ ಗುಂಡುಸೂಜಿ. ತಂತಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಮೊಳೆಯೂ ಸೂಜಿಯೂ ಅಯಸ್ಕಾಂತಕ್ಕೆ ಅಂಟುತ್ತವೆಯೇ ಎಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಬೊಂಬೆಯಿಂದಲೇ ನೋಡಿಕೊಳ್ಳಬಹುದು. ಆಲ್ಕಲೈನ್ ಸೆಲ್ ಹೆಚ್ಚು ಕರೆಂಟ್ ಕೊಟ್ಟು ಬೇಗ ಕಾಯುವುದರಿಂದ ಅಗ್ಗದ ಸೆಲ್ಲೇ ಇಲ್ಲಿ ಒಳ್ಳೆಯದು. ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್, ಗೋಡೆಯ ಪ್ಲಗ್ಗು ಈ ಕೆಲಸಕ್ಕೆ ಬರಲೇಕೂಡದು.

ತಂತಿಯ ಒಂದು ತುದಿಯಲ್ಲಿ ಗೇಣುದ್ದ ಬಿಟ್ಟು, ಮೊಳೆಯ ತಲೆಯ ಕಡೆಯಿಂದ ಸುತ್ತು ಶುರು ಮಾಡಿ. ಸುತ್ತೆಲ್ಲ ಒಂದೇ ದಿಕ್ಕಿಗೆ ಇರಬೇಕು. ನಡುವೆ ದಿಕ್ಕು ತಿರುಗಿದರೆ ಒಂದರ ಬಲವನ್ನು ಇನ್ನೊಂದು ತಿಂದುಹಾಕುತ್ತದೆ. ಆಮೇಲೆ ಎರಡೂ ತುದಿಗಳನ್ನು ಎರಡು ಸೆಂಟಿಮೀಟರಿನಷ್ಟು ಮರಳು ಕಾಗದದಿಂದ ಉಜ್ಜಿ. ತಾಮ್ರದ ಬಣ್ಣವೇ ಇರುವ ತಂತಿ ಬರಿ ತಂತಿಯಂತೆ ಕಂಡರೂ ಅದರ ಮೇಲೆ ಕರೆಂಟ್ ಹರಿಯಗೊಡದ ವಾರ್ನಿಷ್ ಲೇಪ ಇರುತ್ತದೆ. ಸುತ್ತುಗಳು ಒಂದಕ್ಕೊಂದು ತಾಗಿದರೂ ಕರೆಂಟ್ ಅಡ್ಡದಾರಿ ಹಿಡಿಯದಿರುವುದು ಆ ಲೇಪದಿಂದ. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1820ರ ದಶಕದಲ್ಲಿ ವಿದ್ಯುತ್ಕಾಂತ ಮಾಡಿದಾಗ ವಾರ್ನಿಷ್ ಬಳಿದದ್ದು ಕಬ್ಬಿಣಕ್ಕೆ. ತಂತಿ ಬರಿಯದಾದ್ದರಿಂದ ಸುತ್ತುಗಳನ್ನು ದೂರದೂರ ಹಾಕಬೇಕಾಯಿತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ಹೊದಿಕೆ ಸುತ್ತಿ, ಒತ್ತೊತ್ತಾಗಿ ನೂರಾರು ಸುತ್ತು ಹಾಕಿ ಬಲ ಹೆಚ್ಚಿಸಿದರು. ಮನೆಯಲ್ಲಿ ‘ಕೆಲಸ ಮಾಡ್ತಿಲ್ಲಮ್ಮ’ ಎಂಬ ದೂರು ಬಂದರೆ ಹತ್ತರಲ್ಲಿ ಎಂಟು ಸಲ ತುದಿ ಸರಿಯಾಗಿ ಉಜ್ಜಿರುವುದಿಲ್ಲ. ಬೆಂಕಿಕಡ್ಡಿ ಗೀರಿ ಲೇಪ ಸುಡುವ ರೂಢಿಯುಂಟು, ಆ ಹೊಗೆ ಮಗುವಿಗೆ ಬೇಡ.

ಒಂದು ತುದಿಯನ್ನು ಮಾತ್ರ ಸೆಲ್ಲಿಗೆ ಅಂಟುಪಟ್ಟಿಯಿಂದ ಅಂಟಿಸಿ. ಇನ್ನೊಂದನ್ನು ಲೇಪವಿರುವ ಕಡೆ ಹಿಡಿದು ಐದು ಸೆಕೆಂಡ್ ಒತ್ತಿ, ತೆಗೆದು, ಅರ್ಧ ನಿಮಿಷ ಬಿಡಿ. ಎರಡು ಮೀಟರ್ ತಂತಿಯ ರೋಧ ಒಂದು ಓಮ್‌ನ ಐದನೇ ಒಂದು ಪಾಲಿನಷ್ಟೇ. ಹೀಗಾಗಿ ಇದು ಹೆಚ್ಚುಕಡಿಮೆ ಶಾರ್ಟ್ ಸರ್ಕಿಟ್ಟೇ. ಎರಡೂ ತುದಿ ಅಂಟಿಸಿಟ್ಟರೆ ತಂತಿ ಕಾಯುತ್ತದೆ, ಸೆಲ್ ಬಿಸಿಯಾಗಿ ಸೋರಲೂಬಹುದು. ಬೆರಳಿಗೆ ಬಿಸಿ ತಾಗಿದ ಕೂಡಲೇ ನಿಲ್ಲಿಸಿ.

ಸುತ್ತು ಹೆಚ್ಚಾದರೆ ಬಲ ಹೆಚ್ಚುತ್ತದೆಯೇ ಎಂದು ತೋರಿಸಬೇಕಾದರೆ ಒಂದು ಸೂಕ್ಷ್ಮ ಇದೆ. 25 ಸುತ್ತಿಗೆ ತುಂಡು ತಂತಿ, 100 ಸುತ್ತಿಗೆ ಉದ್ದ ತಂತಿ ತೆಗೆದುಕೊಂಡರೆ ರೋಧವೂ ಬದಲಾಗುತ್ತದೆ, ಹೋಲಿಕೆ ಕೆಡುತ್ತದೆ. ಅದೇ ಎರಡು ಮೀಟರ್ ತಂತಿಯಲ್ಲಿ ಮೊದಲು 25 ಸುತ್ತಿ, ಉಳಿದದ್ದನ್ನು ಮೇಜಿನ ಮೇಲೆ ಸಡಿಲವಾಗಿ ಬಿಟ್ಟು ಸೂಜಿ ಎಣಿಸಿ. ನಂತರ ಅದೇ ತಂತಿಯಲ್ಲಿ 50, ಆಮೇಲೆ 100. ಕೊನೆಗೆ ಮತ್ತೆ ಒಮ್ಮೆ 25ಕ್ಕೆ ಬಿಚ್ಚಿ ನೋಡಿದರೆ ಅಷ್ಟರಲ್ಲಿ ಸೆಲ್ ಎಷ್ಟು ಸೊರಗಿದೆ ಎಂಬುದೂ ತಿಳಿಯುತ್ತದೆ. ಕರೆಂಟ್ ತೆಗೆದ ಮೇಲೂ ಒಂದೆರಡು ಸೂಜಿ ಅಂಟಿಕೊಂಡೇ ಇದ್ದರೆ ಗಾಬರಿ ಬೇಡ. ಮೊಳೆಯಲ್ಲಿ ಅಯಸ್ಕಾಂತತೆ ತುಸು ಉಳಿಯುತ್ತದೆ. ಮುಂದಿನ ಸಲ ಎಣಿಸುವ ಮುನ್ನ ಆ ಸೂಜಿಗಳನ್ನು ಕಿತ್ತು, ಮೊಳೆಯನ್ನು ಮೇಜಿಗೆ ನಾಲ್ಕು ಸಲ ಕುಟ್ಟಿ.

ಶಾಲೆಗೆ ಒಯ್ಯುವಾಗ ಸೆಲ್ಲನ್ನು ತಂತಿಯಿಂದ ಬಿಡಿಸಿ, ಅದರ ಎರಡೂ ತುದಿಗೆ ಅಂಟುಪಟ್ಟಿ ಹಚ್ಚಿ. ಸೂಜಿಗಳು ಬೇರೆ ಡಬ್ಬಿಯಲ್ಲಿರಲಿ.