ನಾಲ್ಕು ಪಿನ್ ಇದ್ದರೂ ಫ್ಯಾನ್ ವೇಗ ಏಕೆ ತಗ್ಗುವುದಿಲ್ಲ?

ಕಂಪ್ಯೂಟರಿಗೆ ಹೊಸದಾಗಿ ಹಾಕಿದ ಮೂರು ಪಿನ್ನಿನ ಫ್ಯಾನ್ ಸದಾ ಪೂರ್ಣ ವೇಗದಲ್ಲಿ ಭೋರ್ಗರೆಯುತ್ತಿದ್ದರೆ ಫ್ಯಾನನ್ನು ದೂರಬೇಡಿ. ಮದರ್‌ಬೋರ್ಡ್ ಅದರ ವೇಗವನ್ನು ಯಾವ ದಾರಿಯಲ್ಲಿ ತಗ್ಗಿಸಲು ನೋಡುತ್ತಿದೆ ಎಂಬುದನ್ನು ಮೊದಲು ತಿಳಿಯಬೇಕು.

ಮೊದಲ ಪಿನ್ ಗ್ರೌಂಡ್, ಎರಡನೆಯದು 12 ವೋಲ್ಟ್, ಮೂರನೆಯದು ಫ್ಯಾನ್ ಎಷ್ಟು ವೇಗವಾಗಿ ಸುತ್ತುತ್ತಿದೆ ಎಂದು ಬೋರ್ಡಿಗೆ ತಿಳಿಸುವ ತಂತಿ. ಮೂರೇ ಪಿನ್ ಇದ್ದಾಗ ವೇಗ ಇಳಿಸಲು ಎರಡನೇ ಪಿನ್ನಿನ ವೋಲ್ಟೇಜನ್ನೇ ತಗ್ಗಿಸಬೇಕು. ಬಹಳ ತಗ್ಗಿಸಿದರೆ ಫ್ಯಾನ್ ನಿಂತೇಹೋಗುತ್ತದೆ. ನಾಲ್ಕನೇ ಪಿನ್ ಬಂದಾಗ 12 ವೋಲ್ಟ್ ಹಾಗೇ ಉಳಿಯುತ್ತದೆ; ಸೆಕೆಂಡಿಗೆ ಸುಮಾರು 25,000 ಸಲ ಮಿಡಿಯುವ ಸಿಗ್ನಲ್ ವೇಗವನ್ನು ನಿರ್ಧರಿಸುತ್ತದೆ. ಆ ತಂತಿಯೇ ಇಲ್ಲದ ಫ್ಯಾನಿಗೆ ಸಿಗ್ನಲ್ ತಲುಪುವುದಿಲ್ಲ, ಹಾಗಾಗಿ ಪೂರ್ಣ ವೇಗ.

ಆದರೆ ಪಿನ್ ಎಣಿಸಿ ನಂಬುವಂತಿಲ್ಲ. ಕೆಲವು ಬೋರ್ಡುಗಳಲ್ಲಿ ನಾಲ್ಕು ಪಿನ್ ಇದ್ದರೂ ನಿಯಂತ್ರಣ ವೋಲ್ಟೇಜಿನದೇ. ನಾಲ್ಕು ಪಿನ್ನಿನ ಫ್ಯಾನ್ ಹಾಕಿ ನೋಡಿದರೂ ಗುಟ್ಟು ರಟ್ಟಾಗದು, ಅದು ಎರಡೂ ಬಗೆಯಲ್ಲಿ ನಿಧಾನವಾಗಬಲ್ಲದು. ಪರೀಕ್ಷೆಗೆ ಮೂರು ಪಿನ್ನಿನ ಫ್ಯಾನೇ ಬೇಕು. ಬಯಾಸ್‌ನಲ್ಲಿ ಆ ಹೆಡರಿನ ವೇಗವನ್ನು 50 ಶೇಕಡಕ್ಕೆ ಇಳಿಸಿ. ಸುತ್ತು ಕಡಿಮೆಯಾದರೆ ವೋಲ್ಟೇಜ್ ನಿಯಂತ್ರಣ, ಕದಲದಿದ್ದರೆ ಸಿಗ್ನಲ್.

ಎರಡೂ ಬಲ್ಲ ಹೆಡರಿನಲ್ಲಿ DC, PWM ಎಂಬ ಆಯ್ಕೆ ಇರುತ್ತದೆ. ಮೂರು ಪಿನ್ನಿನ ಫ್ಯಾನಿಗೆ DC ಆರಿಸಿ. ಆ ಆಯ್ಕೆ ಇಲ್ಲದೆ ಸಿಗ್ನಲ್ ಮಾತ್ರ ಇದ್ದರೆ, ನಾಲ್ಕು ಪಿನ್ನಿನ ಫ್ಯಾನನ್ನೇ ಕೊಳ್ಳಿ.