ದನಿ ಬೇಕಾಗಿದೆ, ಸಂಭಾವನೆ ಸಾಲಿಗಿಷ್ಟು

1987ರಲ್ಲಿ ಅಮೆರಿಕದ ನಟಿ ನ್ಯಾನ್ಸಿ ಕಾರ್ಟ್‌ರೈಟ್ ಕಾರ್ಟೂನೊಂದರ ಧ್ವನಿಪರೀಕ್ಷೆಗೆ ಹೋದದ್ದು ಲೀಸಾ ಸಿಂಪ್ಸನ್ ಎಂಬ ಹುಡುಗಿಯ ಪಾತ್ರಕ್ಕೆ. ಅಲ್ಲಿಟ್ಟಿದ್ದ ವಿವರಣೆ ಓದಿದರೆ, ಲೀಸಾಗಿಂತ ಅವಳ ಅಣ್ಣ ಬಾರ್ಟ್ ಸ್ವಾರಸ್ಯವಾಗಿ ಕಂಡ: ಹತ್ತು ವರ್ಷದ ತಂಟೆಕೋರ, ಶಾಲೆಯೆಂದರೆ ಆಗದವನು. ಇದನ್ನೇ ಓದುತ್ತೇನೆ ಎಂದರು. ಮ್ಯಾಟ್ ಗ್ರೇನಿಂಗ್ ಕೇಳಿದವರೇ ಸ್ಥಳದಲ್ಲೇ ಒಪ್ಪಿಕೊಂಡರು.

ಪಾತ್ರ ವಿವರಣೆಯ ಒಂದೆರಡು ಸಾಲಿಗೆ ಇಷ್ಟು ಕಸುವಿದೆ. ಇಂದು ಸಣ್ಣ ತಂಡಗಳು ಅನಿಮೇಷನ್ ಸರಣಿಗೆ ಕಲಾವಿದರನ್ನು ಕರೆಯುವ ಪ್ರಕಟಣೆಯಲ್ಲೂ ಮೊದಲು ಬರುವುದು ಅದೇ: ವಯಸ್ಸು, ಸ್ವಭಾವ, ದನಿ ತೆಳುವೋ ಗಡಸೋ. ಆಮೇಲೆ ಓದಿ ಕಳಿಸಬೇಕಾದ ಮಾದರಿ ಸಾಲುಗಳು.

ಹುಡುಗನೊಬ್ಬನ ಪಾತ್ರಕ್ಕೆ ಹೀಗೆ ಮೂರು ಸಾಲು ಕೊಟ್ಟಿದ್ದಾರೆ ಎನ್ನಿ. "ಅಪ್ಪಾ, ಕೀಲಿ ಎಲ್ಲಿಟ್ಟೆ?" "ಓಡ್ರೋ, ಸೇತುವೆ ಮುರೀತಿದೆ!" "ಶ್... ಅವನಿನ್ನೂ ಇಲ್ಲೇ ಇದ್ದಾನೆ." ಮೊದಲನೆಯದು ಸಹಜ ದನಿಗೆ, ಎರಡನೆಯದು ಕಿರುಚಾಟಕ್ಕೆ, ಮೂರನೆಯದು ಪಿಸುಮಾತಿಗೆ. ಕಿರುಚುವಾಗ ದನಿ ಒಡೆದರೆ, ಪಿಸುಮಾತಿನ ಹಿಂದೆ ಫ್ಯಾನಿನ ಸದ್ದು ಕೇಳಿದರೆ ನಟನೆ ಚೆನ್ನಾಗಿದ್ದರೂ ಕೈಬಿಡುತ್ತಾರೆ. ಮೂರ್ನಾಲ್ಕು ಸಾಲಿನ ಬದಲು ಇಡೀ ದೃಶ್ಯವನ್ನೇ ಓದಿಸುವವರ ಬಗ್ಗೆ ಮಾತ್ರ ಅನುಮಾನ ಇರಲಿ. ಪರೀಕ್ಷೆಯ ಹೆಸರಿನಲ್ಲಿ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವ ದಾರಿಯೂ ಅದಾಗಬಹುದು.

ಹಣದ ವಿಷಯ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಮೊದಲು ಓದಬೇಕಾದದ್ದು ಅದನ್ನೇ.

ಸಾಲಿಗೆ 3 ಡಾಲರ್ ಎಂದಿದೆ, ಕಂತಿನಲ್ಲಿ ಆ ಹುಡುಗನಿಗೆ 20 ಸಾಲಿವೆ ಎಂದುಕೊಳ್ಳೋಣ. ಕೈಗೆ 60 ಡಾಲರ್. ಆದರೆ ಪ್ರತಿ ಸಾಲನ್ನೂ ಎರಡು ಮೂರು ಬಗೆಯಲ್ಲಿ ಹೇಳಬೇಕು, ಬೀಳುವಾಗಿನ ನರಳಾಟ, ಓಡುವಾಗಿನ ಏದುಸಿರು ಬೇರೆ ಕೊಡಬೇಕು. ಚಿತ್ರಕತೆ ಬದಲಾದರೆ ಮತ್ತೆ ಮೈಕ್ ಮುಂದೆ ಕೂರಬೇಕು. ಏದುಸಿರು ಸಾಲಿನ ಲೆಕ್ಕಕ್ಕೆ ಬರುತ್ತದೆಯೇ? ಮರುಧ್ವನಿಮುದ್ರಣಕ್ಕೆ ಬೇರೆ ದುಡ್ಡುಂಟೇ? ಪ್ರಕಟಣೆ ಬಾಯಿ ಬಿಡದಿದ್ದರೆ ಒಪ್ಪುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು. ಗಂಟೆಯ ಲೆಕ್ಕದಲ್ಲಿ, ಕನಿಷ್ಠ ಒಂದು ಗಂಟೆಯ ಹಣ ಖಚಿತ ಎಂಬ ಷರತ್ತಿದ್ದರೆ ಸಣ್ಣ ಪಾತ್ರದವರಿಗೆ ಅದೇ ಲಾಭ.

ದೊಡ್ಡ ಸ್ಟುಡಿಯೋಗಳಲ್ಲಿ ಇಂಥ ಚೌಕಾಸಿಯನ್ನು ಸಂಘವೇ ಮಾಡಿರುತ್ತದೆ. ಅಮೆರಿಕದ ಕಲಾವಿದರ ಸಂಘ ಸ್ಯಾಗ್-ಆಫ್ಟ್ರಾದ ಟಿವಿ ಅನಿಮೇಷನ್ ಒಪ್ಪಂದದಲ್ಲಿ ಒಂದೇ ಸಂಭಾವನೆಗೆ ಎರಡು ದನಿಯವರೆಗೆ ಮಾಡಿಸಬಹುದು. ಮೂರನೆಯದಕ್ಕೆ ಶೇ 10 ಹೆಚ್ಚು. ಮರುಪ್ರಸಾರದ ಪಾಲೂ ಇರುತ್ತದೆ. ಸಣ್ಣ ತಂಡಗಳದ್ದು ಹೆಚ್ಚಾಗಿ ಒಂದೇ ಬಾರಿಯ ಪಾವತಿ: ಸರಣಿ ನಾಳೆ ದೊಡ್ಡ ವಾಹಿನಿಗೆ ಮಾರಾಟವಾದರೂ ಕಲಾವಿದರಿಗೆ ಬಿಡಿಗಾಸಿಲ್ಲ. ಅದು ಮೋಸವೇನಲ್ಲ, ಆದರೆ ಗೊತ್ತಿದ್ದು ಒಪ್ಪಬೇಕು. 'ಲಾಭ ಬಂದಾಗ ಹಂಚಿಕೊಳ್ಳೋಣ' ಎಂಬ ಷರತ್ತು ಇದಕ್ಕಿಂತ ಕಷ್ಟದ್ದು. ಯಾವ ಆದಾಯದಲ್ಲಿ, ಯಾವ ಖರ್ಚು ಕಳೆದ ಮೇಲೆ, ಎಷ್ಟು ಪಾಲು ಎಂದು ಬರೆದಿರದಿದ್ದರೆ ಅದನ್ನು ಸಂಬಳವಿಲ್ಲದ ಕೆಲಸ ಎಂದೇ ಲೆಕ್ಕ ಹಾಕುವುದು ಒಳ್ಳೆಯದು. ನೋಂದಣಿಗೆಂದು ಕಲಾವಿದರಿಂದಲೇ ಮುಂಗಡ ಕೇಳುವ ಪ್ರಕಟಣೆಗಳನ್ನಂತೂ ಮುಂದಕ್ಕೆ ಓದಬೇಕಾಗಿಯೇ ಇಲ್ಲ.